ಅಜ್ಜಿಯ ಮೊಬೈಲಿನಲ್ಲಿ ಸಿಕ್ಕ ಸುಳಿವು: ಕೋಚ್, ಟ್ಯೂಷನ್ ಶಿಕ್ಷಕರ ದುರ್ವರ್ತನೆ ಮತ್ತು ಪೋಷಕರ ಕರ್ತವ್ಯ

2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹುಳಿಮಾವು ಪೊಲೀಸರು ಬ್ಯಾಡ್ಮಿಂಟನ್ ಕೋಚ್ ಒಬ್ಬನನ್ನು ಪೋಕ್ಸೊ ಕಾಯ್ದೆಯಡಿ ಬಂಧಿಸಿದರು. ಅವನ ಬಳಿ ತರಬೇತಿ ಪಡೆಯುತ್ತಿದ್ದ 16 ವರ್ಷದ ಬಾಲಕಿ ರಜೆಗೆ ಅಜ್ಜಿಯ ಮನೆಗೆ ಹೋಗಿದ್ದಳು. ಅಜ್ಜಿಯ ಮೊಬೈಲಿನಿಂದ ಅಪರಿಚಿತ ನಂಬರಿಗೆ ಅವಳ ನಗ್ನ ಚಿತ್ರ ಹೋಗಿದ್ದನ್ನು ಅಜ್ಜಿ ಗಮನಿಸಿ, ಕೂಡಲೇ ತಂದೆ-ತಾಯಿಗೆ ತಿಳಿಸಿದರು. ಕೇಳಿದಾಗ ಬಾಲಕಿ ಕೋಚ್ ನಡೆಸುತ್ತಿದ್ದ ದೌರ್ಜನ್ಯವನ್ನೂ ಯಾರಿಗೂ ಹೇಳಬಾರದೆಂದು ಹಾಕಿದ್ದ ಬೆದರಿಕೆಯನ್ನೂ ಹೇಳಿದಳು ಎಂದು ಆಗ ವರದಿಯಾಗಿತ್ತು. ಆರೋಪದ ತೀರ್ಮಾನ ನ್ಯಾಯಾಲಯದ್ದು.

ಇಲ್ಲಿ ಸುಳಿವು ಸಿಕ್ಕಿದ್ದು ಅಂಗಳದಲ್ಲಲ್ಲ, ಮೊಬೈಲಿನಲ್ಲಿ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ಮಕ್ಕಳನ್ನು ಕೋಚಿಂಗಿಗೋ ಟ್ಯೂಷನ್ನಿಗೋ ಬಿಟ್ಟು ಬರುವ ನಾವು ಶುಲ್ಕ, ಸಮಯ, ಅಂಕ ಎಲ್ಲ ವಿಚಾರಿಸುತ್ತೇವೆ. ಶಿಕ್ಷಕರು ಮಗುವಿಗೆ ನೇರವಾಗಿ ಸಂದೇಶ ಕಳಿಸುತ್ತಾರೆಯೇ ಎಂದು ಮಾತ್ರ ಕೇಳುವುದಿಲ್ಲ. ಸಮಯ ಬದಲಾದರೆ ಪೋಷಕರಿರುವ ಗುಂಪಿನಲ್ಲಿ ತಿಳಿಸಿದರೆ ಸಾಕು. ರಾತ್ರಿ ಸಂದೇಶ, ಓದಿದ ಮೇಲೆ ಅಳಿಸು ಎಂಬ ಸೂಚನೆ, ಉಳಿದ ಮಕ್ಕಳು ಹೋದ ಮೇಲೆ ಒಬ್ಬಳಿಗೇ ಹೆಚ್ಚುವರಿ ಅಭ್ಯಾಸ, ಫೋಟೋ ಕೇಳುವುದು — ಇವನ್ನು ಕಂಡರೆ ದಿನಾಂಕ, ಸಮಯ ಸಹಿತ ಬರೆದಿಡಿ. ಗಂಡುಮಕ್ಕಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಪೋಕ್ಸೊ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ.

ಮಗು ಹೇಳಿದರೆ ಅದರ ಮಾತಿನಲ್ಲೇ ಬರೆದುಕೊಳ್ಳಿ, ಮತ್ತೆ ಮತ್ತೆ ಕೆದಕಬೇಡಿ. ಸಿಟ್ಟಿನಲ್ಲಿ ಸಂದೇಶ ಅಳಿಸುವುದು, ಫೋನ್ ರೀಸೆಟ್ ಮಾಡುವುದು ಬೇಡ, ಸಾಕ್ಷ್ಯ ಹೋಗುತ್ತದೆ. ಮಗುವಿನ ಚಿತ್ರವಿದ್ದರೆ ಬಂಧುಗಳಿಗೂ ಕಳಿಸದೆ ಫೋನನ್ನೇ ಪೊಲೀಸರಿಗೆ ಒಪ್ಪಿಸಿ. ಕೋಚ್‌ನನ್ನು ಮೊದಲು ಕರೆದು ಪ್ರಶ್ನಿಸುವುದೂ ತಪ್ಪು, ಅವನು ತನ್ನ ಫೋನ್ ಖಾಲಿ ಮಾಡಿಕೊಳ್ಳುತ್ತಾನೆ.

ನಮ್ಮಲ್ಲಿ ಇಂಥದ್ದು ಎಷ್ಟೋ ಸಲ ಹಿರಿಯರ ಸಮ್ಮುಖದಲ್ಲಿ ಮಾತಾಡಿ ಮುಗಿಯುತ್ತದೆ. ಮಗುವಿನ ಮದುವೆ, ಮನೆಯ ಮರ್ಯಾದೆ ಎಂಬ ಅಂಜಿಕೆ ಅರ್ಥವಾಗುತ್ತದೆ. ಆದರೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಸೆರೆ ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಇದು ಹಿರಿಯರಿಗೂ ಅನ್ವಯಿಸುತ್ತದೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಕ್ರಮವಿಲ್ಲ. ಮಗುವಿನ ಗುರುತನ್ನು ಮಾಧ್ಯಮ ಬಹಿರಂಗಪಡಿಸುವಂತಿಲ್ಲ.

ಮೊದಲು 1098 ಅಥವಾ 112ಕ್ಕೆ ಕರೆ ಮಾಡಬಹುದು. ಕೋಚಿಂಗ್ ಕೇಂದ್ರ ಬೇರೆ ಠಾಣೆಯ ವ್ಯಾಪ್ತಿಯಲ್ಲಿದ್ದರೂ ಮನೆ ಹತ್ತಿರದ ಠಾಣೆ ದೂರು ದಾಖಲಿಸಿ ವರ್ಗಾಯಿಸಬೇಕು. ಜನ ಇದನ್ನು ಜೀರೋ ಎಫ್‌ಐಆರ್ ಎನ್ನುತ್ತಾರೆ. ಮಗುವನ್ನು ಠಾಣೆಗೆ ಕರೆದೊಯ್ಯಲೇಬೇಕೆಂದಿಲ್ಲ. ಹೇಳಿಕೆಯನ್ನು ಮನೆಯಲ್ಲೇ, ಸಮವಸ್ತ್ರವಿಲ್ಲದ ಅಧಿಕಾರಿ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ತಂದೆ ತಾಯಿ ಅಥವಾ ಮಗು ನಂಬುವವರ ಎದುರು ಪಡೆಯಬೇಕು. ಹೆಣ್ಣುಮಗುವಿನ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡಬೇಕು. ಕೊಟ್ಟರೇ ಎಂದು ಮರುದಿನ ಕೇಳಿ, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆದಿಟ್ಟುಕೊಳ್ಳಿ.