ನೂರು ವರ್ಷದ ಶಾಲೆ, ಮೂವತ್ತು ಸೆಂಟಿಮೀಟರ್ ಗೆರೆ

ಶಾಲೆಯ ಶತಮಾನೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ತಯಾರಿಸುವ ಸ್ಲೈಡುಗಳು ಹೆಚ್ಚಾಗಿ ಎಡವುವುದು ಒಂದೇ ಕಡೆ. ಸಿಕ್ಕ ಫೋಟೋಗಳನ್ನೆಲ್ಲ ಸಮಾನ ಅಂತರದಲ್ಲಿ ಸಾಲಾಗಿಟ್ಟು ಕೆಳಗೆ ಇಸವಿ ಬರೆದುಬಿಡುತ್ತಾರೆ. ನೋಡಲು ಚೆಂದ, ಆದರೆ ಕಾಲದ ಲೆಕ್ಕ ತಪ್ಪಿರುತ್ತದೆ.

1926ರಲ್ಲಿ ಶುರುವಾದ ಒಂದು ಹಳ್ಳಿ ಶಾಲೆ ಇದೆ ಎಂದುಕೊಳ್ಳೋಣ. ಇವತ್ತಿನ ಅಗಲ ಸ್ಲೈಡು ಸುಮಾರು 34 ಸೆಂಟಿಮೀಟರ್ ಇರುತ್ತದೆ. ಅದರಲ್ಲಿ 30 ಸೆಂಟಿಮೀಟರಿನ ಗೆರೆ ಎಳೆದರೆ ವರ್ಷಕ್ಕೆ 3 ಮಿಲಿಮೀಟರ್ ಸಿಗುತ್ತದೆ. ರಾಜ್ಯ ಏಕೀಕರಣದ 1956 ಬರುವುದು 9 ಸೆಂಟಿಮೀಟರಿನಲ್ಲಿ. ಶಾಲೆಯ ಮೊದಲ ಫೋಟೋ 1958ರದ್ದು, ಆಮೇಲಿನವು 1961 ಮತ್ತು 1963ರವು ಎಂದಾದರೆ ಮೂರೂ ಒಂದೂವರೆ ಸೆಂಟಿಮೀಟರಿನೊಳಗೆ ಮುದ್ದೆಯಾಗುತ್ತವೆ. ಅವುಗಳ ಎಡಕ್ಕೆ ಒಂಬತ್ತೂವರೆ ಸೆಂಟಿಮೀಟರಿನಷ್ಟು ಖಾಲಿ. ಆ ಖಾಲಿಯನ್ನು ಮುಚ್ಚಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಊರಿನಲ್ಲಿ ಕ್ಯಾಮೆರಾ ಇಲ್ಲದಿದ್ದ ಮೂವತ್ತೆರಡು ವರ್ಷಗಳೂ ಶಾಲೆಯ ಚರಿತ್ರೆಯೇ. ಅಲ್ಲಿ ದಾಖಲಾತಿ ಪುಸ್ತಕದ ಮೊದಲ ಪುಟದ ಚಿತ್ರವನ್ನೋ, ಇನ್‌ಸ್ಪೆಕ್ಟರು ಬಂದಾಗ ಬರೆದುಹೋದ ಷರಾವನ್ನೋ ಇಡಬಹುದು. ಮುದ್ದೆಯಾದ ಕಡೆ ಫೋಟೋಗಳನ್ನು ಮೇಲೆ ಒಪ್ಪವಾಗಿ ಸಾಲಾಗಿಟ್ಟು, ಪ್ರತಿಯೊಂದರಿಂದ ತೆಳು ಗೆರೆಯೊಂದನ್ನು ಅದರ ನಿಜವಾದ ಇಸವಿಗೆ ಇಳಿಸಿದರೆ ಅಂದವೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ. ಇಡೀ ಗೆರೆ ಮೊದಲ ಸ್ಲೈಡಿನಲ್ಲಿರಲಿ. ಆಮೇಲೆ ಇಪ್ಪತ್ತೈದು ವರ್ಷಕ್ಕೊಂದು ಸ್ಲೈಡು ಮಾಡಿದರೆ ವರ್ಷಕ್ಕೆ 12 ಮಿಲಿಮೀಟರ್ ಸಿಕ್ಕಿ ಉಸಿರಾಡಲು ಜಾಗವಾಗುತ್ತದೆ.

ಇಸವಿ ಗೊತ್ತಿಲ್ಲದ ಫೋಟೋಗಳೇ ಜಾಸ್ತಿ. ಗ್ರೂಪ್ ಫೋಟೋದಲ್ಲಿ ಮುಂದೆ ಕೂತ ಹುಡುಗನ ಕೈಯಲ್ಲಿ ಸ್ಲೇಟಿದ್ದರೆ ಅದೃಷ್ಟ. ಇಲ್ಲದಿದ್ದರೆ ನಡುವಿನ ಕುರ್ಚಿಯಲ್ಲಿ ಕೂತ ಮುಖ್ಯೋಪಾಧ್ಯಾಯರನ್ನು ಗುರುತಿಸಿ, ಆಫೀಸಿನ ಗೋಡೆಯ ಮೇಲಿನ ಹೆಸರಿನ ಹಲಗೆ ನೋಡಬೇಕು. ಅವರು 1959ರಿಂದ 1964ರವರೆಗೆ ಇದ್ದು, ಪಕ್ಕದಲ್ಲಿರುವ ಮೇಷ್ಟ್ರು 1961ರಲ್ಲಿ ಬಂದವರಾದರೆ ಫೋಟೋ ಅದೇ ಮೂರು ವರ್ಷಗಳೊಳಗಿನದು. ಆಗ ಚುಕ್ಕೆ ಇಡದೆ 1961ರಿಂದ 1964ರವರೆಗೆ ದಪ್ಪ ಪಟ್ಟಿ ಎಳೆಯುವುದೇ ಪ್ರಾಮಾಣಿಕ.

ಇನ್ನು ಫೋಟೋ ದುರಸ್ತಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆದು ಕೀಳಬೇಡಿ, ಚಿತ್ರದ ಪದರವೇ ಗಾಜಿನ ಜೊತೆ ಹೋಗುತ್ತದೆ. ಗಾಜಿನ ಮೇಲ್ಮೈಯನ್ನಷ್ಟೇ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಬಿಡಿ ಫೋಟೋಗಳಿಗೂ ಒದ್ದೆ ಬಟ್ಟೆ ತಾಗಿಸಬಾರದು. ಸ್ಕ್ಯಾನಿಂಗ್ ಅಂಗಡಿಯಲ್ಲಿ 600 ಡಿಪಿಐ ಎಂದು ಕೇಳಿ. ಗ್ರೂಪ್ ಫೋಟೋದಲ್ಲಿ ಒಂದು ಮುಖ ಒಂದು ಸೆಂಟಿಮೀಟರ್ ಎತ್ತರವಿದ್ದರೆ ಅದಕ್ಕೆ ಸುಮಾರು 236 ಪಿಕ್ಸೆಲ್ ಸಿಗುತ್ತದೆ, ಆ ಮುಖವೊಂದನ್ನೇ ಕತ್ತರಿಸಿ ತೋರಿಸಬಹುದು. ವಾಟ್ಸ್‌ಆ್ಯಪಿನಲ್ಲಿ ಬಂದ ಪ್ರತಿ ಹಿಂಡಿಹೋಗಿರುತ್ತದೆ, ಅದರಲ್ಲಿ ಇದು ಸಾಗದು. ಮೂಲ ಸ್ಕ್ಯಾನನ್ನು ಮುಟ್ಟದೆ ಅದರ ನಕಲಿನ ಮೇಲೆ ಕೆಲಸ ಮಾಡಿ. ಮೊದಲು ಮಾಸಿದ ಕಪ್ಪು ಬಿಳುಪಿಗೆ ಗಾಢತೆ ತನ್ನಿ, ಆಮೇಲೆ ಗೀರು, ಬೂಷ್ಟಿನ ಚುಕ್ಕೆಗಳನ್ನು ತೆಗೆಯಿರಿ. ಆಕಾಶ, ಗೋಡೆ, ನೆಲದ ಮೇಲಿನ ತೂತನ್ನು ಪಕ್ಕದ ಭಾಗದಿಂದ ತುಂಬಬಹುದು. ಗೆದ್ದಲು ತಿಂದ ಮುಖವನ್ನು ಮಾತ್ರ ಹಾಗೇ ಬಿಡಬೇಕು. ಅಲ್ಲಿ ಬೇರೆ ಕಣ್ಣು ಮೂಗು ಕೂರಿಸಿದರೆ ಸಭೆಯಲ್ಲಿ ಕೂತ ಮಗಳೋ ಮೊಮ್ಮಗನೋ ನೋಡುವುದು ಬೇರೆ ಯಾರನ್ನೋ.

ಜೋಡಣೆಯಲ್ಲಿ ಕಣ್ಣಿಗೆ ಬೇಗ ಬೀಳುವ ದೋಷ ಮುಖ್ಯೋಪಾಧ್ಯಾಯರ ಸಾಲಿನದು. ಚೌಕಟ್ಟುಗಳೆಲ್ಲ ಒಂದೇ ಅಳತೆಯಲ್ಲಿದ್ದರೂ ಒಬ್ಬರ ತಲೆ ದೊಡ್ಡದು, ಇನ್ನೊಬ್ಬರದು ಮೂಲೆಗೆ ಸರಿದಿದೆ ಅನ್ನಿಸುತ್ತದೆ. ಕಾರಣ, ನಾವು ನೋಡುವುದು ಚೌಕಟ್ಟನ್ನಲ್ಲ, ಕಣ್ಣುಗಳನ್ನು. ಪವರ್‌ಪಾಯಿಂಟಿನಲ್ಲಿ Alt+F9 ಒತ್ತಿದರೆ ಮಾರ್ಗದರ್ಶಕ ಗೆರೆಗಳು ಕಾಣುತ್ತವೆ. ಅಡ್ಡ ಗೆರೆಯೊಂದರ ಮೇಲೆ ಎಲ್ಲರ ಕಣ್ಣು ಬರುವಂತೆ, ಗಲ್ಲದಿಂದ ನೆತ್ತಿಯವರೆಗಿನ ಅಳತೆ ಒಂದೇ ಆಗುವಂತೆ ಚಿತ್ರವನ್ನು ಕತ್ತರಿಸಿ. ಗ್ರೂಪ್ ಫೋಟೋಗಳಿಗೆ ಎತ್ತರ ಒಂದೇ ಇಟ್ಟು, ಅಗಲ ತನ್ನಷ್ಟಕ್ಕೆ ಬದಲಾಗಲು ಬಿಡಿ. ಬದಿಯಿಂದ ಎಳೆದು ಹಿಗ್ಗಿಸಿದರೆ ನಿಂತವರೆಲ್ಲ ಕುಳ್ಳಾಗುತ್ತಾರೆ. ಇಷ್ಟಾದ ಮೇಲೆ Align Top ಒತ್ತಿದರೆ ಸಾಲು ನೇರವಾಗುತ್ತದೆ. Distribute Horizontally ಒತ್ತಿದರೆ ಅಂತರ ಸಮವಾಗುತ್ತದೆ, ಆದರೆ ಅದನ್ನು ಫೋಟೋಗಳಿಗಷ್ಟೇ ಬಳಸಿ, ಇಸವಿಯ ಗುರುತುಗಳಿಗೆ ಬೇಡ.

ಕೊನೆಯ ಕೆಲಸ ಸಭಾಂಗಣದ ಕಂಪ್ಯೂಟರಿನಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಅಡಿಬರಹ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದು, ಪಿಡಿಎಫ್ ಪ್ರತಿಯೊಂದನ್ನೂ ಪೆನ್‌ಡ್ರೈವಿನಲ್ಲಿಟ್ಟುಕೊಂಡು, ಹಿಂದಿನ ದಿನವೇ ಹೋಗಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಇಸವಿಗಳು ಓದಲು ಬರುತ್ತವೆಯೇ ಎಂದು ನೋಡಬೇಕು.