ದಿನದ ವ್ಯಾಪಾರ, ಒಂದೇ ಎಸ್ಸೆಮ್ಮೆಸ್ಸಿನಲ್ಲಿ

ಅಂಗಡಿಯ ಬಿಲ್ಲಿಂಗ್ ತಂತ್ರಾಂಶವು ಗಲ್ಲಾ ಮುಚ್ಚಿದ ಮೇಲೆ ದಿನದ ಲೆಕ್ಕ ಕೂಡಿಸಿ, ಎಸ್ಸೆಮ್ಮೆಸ್ ಸೇವೆಯ ಮೂಲಕ ಮಾಲೀಕರ ಮೊಬೈಲಿಗೆ ಕಳಿಸುತ್ತದೆ. ಒಂದು ಕಿರಾಣಿ ಅಂಗಡಿಯ ಸಂದೇಶ ಹೀಗಿರಬಹುದು:

```
ಮಾರಾಟ 18450, ನಗದು 7200, ಯುಪಿಐ 11250, ಬಿಲ್ 64
```

ನಗದನ್ನೂ ಯುಪಿಐಯನ್ನೂ ಬೇರೆಬೇರೆಯಾಗಿ ಕೊಡುವುದೇ ಇದರ ನಿಜವಾದ ಪ್ರಯೋಜನ. ಗಲ್ಲಾದಲ್ಲಿ ಬೆಳಗ್ಗೆ ಇಟ್ಟ ಚಿಲ್ಲರೆ ಕಳೆದು 7200 ಉಳಿಯದಿದ್ದರೆ, ವ್ಯತ್ಯಾಸ ಅಂದೇ ಗೊತ್ತಾಗುತ್ತದೆ.

ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಚಿಹ್ನೆ ಹಿಡಿಸಿದರೆ, ಕನ್ನಡದಲ್ಲಿ 70 ಮಾತ್ರ. ಕೊಂಬು, ಗುಡಿಸು, ಒತ್ತು ಎಲ್ಲವೂ ಪ್ರತ್ಯೇಕವಾಗಿ ಎಣಿಕೆಗೆ ಬರುತ್ತವೆ. ಮೇಲಿನ ಸಂದೇಶ 44 ಚಿಹ್ನೆಗಳದ್ದು, ಹಾಗಾಗಿ ಒಂದರಲ್ಲೇ ಮುಗಿಯುತ್ತದೆ. 70 ದಾಟಿದರೆ ಎರಡು ಸಂದೇಶದ ದುಡ್ಡು. ಇಂಗ್ಲಿಷಿನಲ್ಲಿ ಕಳಿಸುವವರೂ ಒಂದೇ ಒಂದು ₹ ಸೇರಿಸಿದರೆ ಮಿತಿ 70ಕ್ಕೆ ಇಳಿಯುತ್ತದೆ; ಆ ಗುರುತು ಎಸ್ಸೆಮ್ಮೆಸ್ಸಿನ ಮೂಲ ಅಕ್ಷರಪಟ್ಟಿಯಲ್ಲೇ ಇಲ್ಲ. Rs ಎಂದು ಬರೆದರೆ ಆ ತೊಂದರೆಯಿಲ್ಲ.

ಭಾರತದಲ್ಲಿ ಇಂಥ ಸಂದೇಶದ ಮಾದರಿಯನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲಿನಲ್ಲಿ ಮೊದಲೇ ನೋಂದಾಯಿಸಬೇಕು. ಮೊತ್ತ ಬರುವ ಜಾಗದಲ್ಲಿ ಬದಲಾಗುವ ಭಾಗದ ಗುರುತು ಇರುತ್ತದೆ, ಉಳಿದ ಮಾತುಗಳು ಬದಲಾಗುವಂತಿಲ್ಲ. ನೋಂದಾಯಿಸಿದ ಮೇಲೆ ‘ಬಿಲ್’ ಅನ್ನು ‘ಬಿಲ್ಲುಗಳು’ ಎಂದು ತಿದ್ದಿದರೂ ಸಂದೇಶ ತಡೆಹಿಡಿಯಲ್ಪಡಬಹುದು. ತಂತ್ರಾಂಶ ‘ಕಳಿಸಿದೆ’ ಎಂದು ತೋರಿಸುತ್ತಲೇ ಇರುತ್ತದೆ. ತಲುಪಿತೇ ಎಂಬುದು ಸೇವೆಯ ಡೆಲಿವರಿ ವರದಿಯಲ್ಲಿ ಮಾತ್ರ ಕಾಣುತ್ತದೆ.