ಕರಾರು ತಿದ್ದಿ ವಾಪಸ್ ಬಂತಾ? ಸಹಿಗೆ ಮುಂಚೆ ಹೋಲಿಸಿ ನೋಡಿ

ಕರಾರಿನಲ್ಲಿ ಎರಡು ಬದಲಾವಣೆ ಕೇಳಿದ್ರಿ, ಅವರು ತಿದ್ದಿ ಕಳಿಸಿದ್ರು ಅಂದ್ಕೊಳ್ಳಿ. ಆ ಎರಡು ಜಾಗ ಮಾತ್ರ ನೋಡಿದ್ರೆ ಸಾಲದು. ಬದಲಾದದ್ದೆಲ್ಲ ಕೆಂಪಕ್ಷರದಲ್ಲಿ ಇದೆಯಲ್ಲ ಅಂತೀರಾ? ಟ್ರ್ಯಾಕ್ ಚೇಂಜಸ್ ಆಫ್ ಮಾಡಿ ತಿದ್ದಿದ್ದು ಕೆಂಪಾಗಿ ಕಾಣಲ್ಲ.

ನಾನು ಲ್ಯಾಪ್‌ಟಾಪಿನ ವರ್ಡ್‌ನಲ್ಲಿ Review, ಆಮೇಲೆ Compare ಒತ್ತುತ್ತೇನೆ. Original document ಜಾಗದಲ್ಲಿ ನಾನು ಕಳಿಸಿದ ಕೊನೆಯ ಫೈಲು, Revised document ಜಾಗದಲ್ಲಿ ಅವರಿಂದ ಬಂದದ್ದು. ಈಗ ಗುರುತಾಗದೇ ತಿದ್ದಿದ್ದೂ ಕಾಣುತ್ತೆ. ಒಪ್ಪಿದ ಬದಲಾವಣೆಗಳ ಪಟ್ಟಿ ಪಕ್ಕದಲ್ಲಿಟ್ಟು ಒಂದೊಂದಕ್ಕೂ ಟಿಕ್ ಹಾಕ್ತೀನಿ.

ನನ್ನ ಒಂದು ಜಾಹೀರಾತು ಕರಾರಿನಲ್ಲಿ ಒಪ್ಪಿದ್ದು ಎರಡೇ: ಎಪಿಸೋಡಿಗೆ 8,000 ರೂಪಾಯಿ ಬದಲು 10,000, ಎಪಿಸೋಡ್ 4ರ ಬದಲು 3. ಹೋಲಿಸಿದಾಗ ಮೂರನೇದೊಂದು ಸಿಕ್ತು. ‘ಪ್ರಸಾರವಾದ 30 ದಿನದೊಳಗೆ ಪಾವತಿ’ ಅನ್ನೋದು ‘ಬಿಲ್ ಅಂಗೀಕಾರವಾದ 30 ದಿನದೊಳಗೆ’ ಅಂತಾಗಿತ್ತು. 30 ಹಾಗೇ ಇದೆ, ಆದ್ರೆ ಲೆಕ್ಕ ಶುರುವಾಗೋ ದಿನ ಅವರ ಕೈಗೆ ಹೋಗಿದೆ. ಬಿಲ್ ಅಂಗೀಕರಿಸೋಕೆ ಗಡುವೇ ಇಲ್ಲ. ಹಳೇ ಸಾಲು ವಾಪಸ್ ಹಾಕಿಸಿದೆ. ಬಂದ ಫೈಲನ್ನ ಮತ್ತೆ ಹೋಲಿಸಿ, ವ್ಯತ್ಯಾಸ ಎರಡೇ ಅಂತ ಖಾತ್ರಿಯಾದ ಮೇಲೆ ಸಹಿ ಹಾಕಿದೆ.

ಸ್ಕ್ಯಾನ್ ಮಾಡಿದ ಪಿಡಿಎಫ್ ಬಂದ್ರೆ ಅದು ಬರೀ ಚಿತ್ರ, ಈ ದಾರಿ ನಂಬೋ ಹಾಗಿಲ್ಲ. ವರ್ಡ್ ಫೈಲ್ ಕೇಳಿ. ಸಿಗದಿದ್ರೆ ಇಬ್ಬರು ಕೂತ್ಕೊಳ್ಳಿ: ಒಬ್ಬರು ಹಳೇದನ್ನ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹೊಸದರ ಮೇಲೆ ಬೆರಳಿಟ್ಟು ನೋಡಲಿ. ಸಹಿ ಬೀಳೋದು ಆ ಪ್ರತಿಗೇ.